ಪವರ್ ಸ್ಟೇಷನ್‌ಗೆ ಎಷ್ಟು ವ್ಯಾಟ್ ಪ್ಯಾನೆಲ್? ವ್ಯಾಟ್‌ಗಿಂತ ಮೊದಲು ವೋಲ್ಟೇಜ್ ನೋಡಿ

ಪ್ರಶ್ನೆ: ನನ್ನ ಹತ್ರ 512 ವ್ಯಾಟ್-ಅವರ್ ಪವರ್ ಸ್ಟೇಷನ್, ಅಂದ್ರೆ ಹೊತ್ಕೊಂಡು ಹೋಗೋ ಬ್ಯಾಟರಿ ಪೆಟ್ಟಿಗೆ ಇದೆ. ಸೋಲಾರ್ ಇನ್‌ಪುಟ್ ಪಕ್ಕದಲ್ಲಿ 12–28V, 8A, 150W max ಅಂತ ಇದೆ. 100 ವ್ಯಾಟ್‌ನ ಮಡಚೋ ಪ್ಯಾನೆಲ್ ಒಂದಿದೆ, ಆದ್ರೆ ಎಷ್ಟೇ ಬಿಸಿಲಿದ್ರೂ 70 ದಾಟಲ್ಲ. ಮೂರು ದಿನ ಕ್ಯಾಂಪಿಂಗ್ ಹೋಗ್ತಿದ್ದೀವಿ. ಚಿಕ್ಕ 12 ವೋಲ್ಟ್ ಫ್ರಿಜ್, ಎರಡು ಫೋನ್, ಕ್ಯಾಮೆರಾ, ಒಂದು ಲೈಟ್ ಇರುತ್ತೆ. ಇನ್ನೊಂದು 100 ವ್ಯಾಟ್ ತಗೊಳ್ಳಲಾ, ಇಲ್ಲ 200 ವ್ಯಾಟ್‌ದು ಒಂದೇ ತಗೊಳ್ಳಲಾ? ಎರಡನ್ನೂ ಸೀರೀಸ್‌ನಲ್ಲಿ ಹಾಕಿದ್ರೆ ಬೇಗ ಚಾರ್ಜ್ ಆಗುತ್ತೆ ಅಂತ ಫ್ರೆಂಡ್ ಹೇಳ್ತಾನೆ, ನಿಜನಾ?

ಉತ್ತರ: ಮೊದಲು ಒಂದು ಮಾತು. ದಯವಿಟ್ಟು ಸೀರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಬರುವಂತೆ ಹಾಕಬೇಡಿ. ನಿಮ್ಮ ಸ್ಟೇಷನ್‌ಗೆ ಅದು ಅಪಾಯ. ಈಗಿರುವಂಥದ್ದೇ ಇನ್ನೊಂದು 100 ವ್ಯಾಟ್ ಪ್ಯಾನೆಲ್ ತಗೊಂಡು ಪ್ಯಾರಲಲ್‌ನಲ್ಲಿ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಬರುವಂತೆ ಸೇರಿಸಿ, ನಿಮ್ಮ ಮೂರು ದಿನಕ್ಕೆ ಅದು ಸರಿಯಾಗಿ ಹೊಂದುತ್ತದೆ. ಇನ್ನು 70 ವ್ಯಾಟ್ ಅನ್ನುವುದು ದೋಷ ಅಲ್ಲವೇ ಅಲ್ಲ, ಒಳ್ಳೆಯ ಪ್ಯಾನೆಲ್ ಬಿಸಿಲಲ್ಲಿ ಕೊಡುವುದೇ ಸುಮಾರು ಅಷ್ಟು. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ನಿಮ್ಮ ಸ್ಟೇಷನ್ ಮೇಲೆ ಮೂರು ಅಂಕಿ ಇವೆ. ಎಲ್ಲರ ಕಣ್ಣು ಮೊದಲು ಹೋಗುವುದು ಕೊನೆಯ 150 ವ್ಯಾಟ್ ಕಡೆಗೆ. ಆದರೆ ಸ್ಟೇಷನ್ ಉಳಿಯುವುದೋ ಸುಡುವುದೋ ಅನ್ನುವುದನ್ನು ತೀರ್ಮಾನಿಸುವುದು ಮೊದಲನೇ ಅಂಕಿ, ಅಂದರೆ 28 ವೋಲ್ಟ್. ವೋಲ್ಟೇಜ್ ಅನ್ನುವುದು ಪ್ಯಾನೆಲ್ ಕಡೆಯಿಂದ ಬರುವ ಒತ್ತಡ. ಪ್ಲಗ್ ಸಿಕ್ಕಿಸಿದ ಕ್ಷಣವೇ ಅದು ಪೂರ್ತಿಯಾಗಿ ಸ್ಟೇಷನ್ ಬಾಗಿಲಿಗೆ ಬಂದು ನಿಲ್ಲುತ್ತದೆ, ಸ್ಟೇಷನ್‌ಗೆ ಬೇಕೋ ಬೇಡವೋ ಅಂತ ಕೇಳುವುದಿಲ್ಲ. ಕರೆಂಟ್ ಹಾಗಲ್ಲ. ಅದನ್ನು ಸ್ಟೇಷನ್ ತನಗೆ ಬೇಕಾದಷ್ಟು ಎಳೆದುಕೊಳ್ಳುತ್ತದೆ. ಪ್ಯಾನೆಲ್ 11 ಆಂಪ್ ಕೊಡಲು ತಯಾರಿದ್ದರೂ ಸ್ಟೇಷನ್‌ಗೆ 8 ಆಂಪ್ ಸಾಕು ಅಂದರೆ ಅದು 8 ತಗೊಂಡು ಸುಮ್ಮನಾಗುತ್ತದೆ, ಮಿಕ್ಕಿದ್ದು ಪ್ಯಾನೆಲ್‌ನಲ್ಲೇ ಉಳಿಯುತ್ತದೆ. ಹಾಗಾಗಿ ಕರೆಂಟ್ ಅಥವಾ ವ್ಯಾಟ್ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಒಂದಿಷ್ಟು ವೇಸ್ಟ್ ಆಗುತ್ತದೆ ಅಷ್ಟೇ. ವೋಲ್ಟೇಜ್ ಜಾಸ್ತಿ ಆದರೆ ಸ್ಟೇಷನ್ನೇ ಹೋಗಬಹುದು. ಕೆಲವು ಸ್ಟೇಷನ್‌ಗಳ ಕೈಪಿಡಿಯಲ್ಲಿ ಪ್ಯಾನೆಲ್‌ನ ಕರೆಂಟ್‌ಗೂ ಒಂದು ಮೇಲ್ಮಿತಿ ಬರೆದಿರುತ್ತಾರೆ. ಹಾಗೆ ಬರೆದಿದ್ದರೆ ಅದನ್ನೇ ಪಾಲಿಸಿ, ನನ್ನ ಮಾತು ಆಮೇಲೆ.

ಈಗ ನಿಮ್ಮ ಪ್ಯಾನೆಲ್ ತಿರುಗಿಸಿ ಹಿಂದಿನ ಲೇಬಲ್ ನೋಡಿ. ಅಲ್ಲಿ ಎರಡು ವೋಲ್ಟೇಜ್ ಇರುತ್ತವೆ. `Vmp` ಅಂದರೆ ಕೆಲಸ ಮಾಡುವಾಗಿನ ವೋಲ್ಟೇಜ್, 100 ವ್ಯಾಟ್‌ನ ಮಡಚುವ ಪ್ಯಾನೆಲ್‌ಗಳಲ್ಲಿ ಸಾಮಾನ್ಯವಾಗಿ 18ರ ಆಸುಪಾಸು. `Voc` ಅಂದರೆ ಏನೂ ಸಿಕ್ಕಿಸದೆ ಬಿಸಿಲಲ್ಲಿ ಬಿಟ್ಟಾಗ ಪ್ಯಾನೆಲ್ ತೋರಿಸುವ ವೋಲ್ಟೇಜ್, ಇದು 22ರ ಆಸುಪಾಸು. ಸ್ಟೇಷನ್‌ನ 28 ವೋಲ್ಟ್ ಮಿತಿಯನ್ನು ಹೋಲಿಸಬೇಕಾದ್ದು ಈ `Voc` ಜೊತೆಗೇ, `Vmp` ಜೊತೆಗಲ್ಲ. ತುಂಬಾ ಜನ ಇಲ್ಲೇ ಎಡವುತ್ತಾರೆ. ಪ್ಲಗ್ ಹಾಕಿದ ಆ ಮೊದಲ ಕ್ಷಣದಲ್ಲಿ ಸ್ಟೇಷನ್ ಇನ್ನೂ ಕರೆಂಟ್ ಎಳೆಯಲು ಶುರು ಮಾಡಿರುವುದಿಲ್ಲ, ಆಗ ಅದಕ್ಕೆ ಕಾಣುವುದು ಈ ದೊಡ್ಡ ಅಂಕಿಯೇ. ಬ್ಯಾಟರಿ ತುಂಬಿ ಸ್ಟೇಷನ್ ಚಾರ್ಜಿಂಗ್ ನಿಲ್ಲಿಸಿದಾಗಲೂ ಅಷ್ಟೇ, ವೋಲ್ಟೇಜ್ ಮತ್ತೆ `Voc`ಗೆ ಏರಿ ಕೂರುತ್ತದೆ.

ಸೀರೀಸ್‌ನಲ್ಲಿ ಸೇರಿಸಿದರೆ ವೋಲ್ಟೇಜ್‌ಗಳು ಕೂಡುತ್ತವೆ. 22 ಮತ್ತು 22, ಒಟ್ಟು 44. ನಿಮ್ಮ ಮಿತಿ 28. ಇದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ ಅಲ್ವಾ? ಒಳ್ಳೆಯ ಸ್ಟೇಷನ್ ಆದರೆ ಎರರ್ ತೋರಿಸಿ ಬಾಗಿಲು ಹಾಕಿಕೊಳ್ಳುತ್ತದೆ. ರಕ್ಷಣೆ ಅಷ್ಟು ಗಟ್ಟಿ ಇಲ್ಲದ್ದಾದರೆ ಸೋಲಾರ್ ಇನ್‌ಪುಟ್‌ನ ಒಳಗಿನ ಭಾಗ ಸುಟ್ಟು ಹೋಗುತ್ತದೆ. ಆಮೇಲೆ ಗೋಡೆಯ ಪ್ಲಗ್‌ನಿಂದ ಚಾರ್ಜ್ ಆಗುತ್ತಿರುತ್ತದೆ, ಸೋಲಾರ್ ಮಾತ್ರ ಸತ್ತಿರುತ್ತದೆ. ಮಿತಿ ಮೀರಿದ ವೋಲ್ಟೇಜ್ ಕೊಟ್ಟಿದ್ದು ಅಂತ ಗೊತ್ತಾದರೆ ವಾರಂಟಿಯೂ ಸಿಗುವುದು ಕಷ್ಟ.

ಹಾಗಂತ ನಿಮ್ಮ ಫ್ರೆಂಡ್ ಸುಳ್ಳು ಹೇಳಿದರು ಅಂತ ಅಂದುಕೊಳ್ಳಬೇಡಿ. ಅವರ ಸ್ಟೇಷನ್ ದೊಡ್ಡದಿರಬಹುದು, ಅದರ ಮೇಲೆ 12–60V ಅಂತ ಇರಬಹುದು. ಅಂಥದ್ದಕ್ಕೆ ಎರಡು ಪ್ಯಾನೆಲ್ ಸೀರೀಸ್‌ನಲ್ಲಿ ಹಾಕುವುದೇ ಒಳ್ಳೆಯದು, ಯಾಕೆಂದರೆ ಕರೆಂಟ್ ಅಷ್ಟೇ ಇದ್ದು ವೋಲ್ಟೇಜ್ ಮಾತ್ರ ಏರುವುದರಿಂದ ತಂತಿಯಲ್ಲಿ ನಷ್ಟ ಕಡಿಮೆ. ಅವರ ಪೆಟ್ಟಿಗೆಗೆ ಸರಿಯಾದ ಮಾತು ನಿಮ್ಮ ಪೆಟ್ಟಿಗೆಗೆ ತಪ್ಪು, ಅಷ್ಟೇ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದು ನನಗೇ ಆಗಿದ್ದು. ಒಂದು ಸಲ ಬೆಟ್ಟದ ಮೇಲೆ ತಂಗಿದ್ದೆವು. ನನ್ನ ಸ್ಟೇಷನ್‌ನ ಮಿತಿಯೂ 28 ವೋಲ್ಟ್. ಅವತ್ತು ಒಯ್ದಿದ್ದ ಪ್ಯಾನೆಲ್‌ನ `Voc` 27.6. ಕಾಗದದ ಮೇಲೆ ಎಲ್ಲ ಸರಿ, ಮನೆಯಲ್ಲಿ ಹತ್ತಾರು ಸಲ ಬಳಸಿದ್ದೂ ಆಗಿತ್ತು. ಆದರೆ ಬೆಳಿಗ್ಗೆ ಕೈ ಮರಗಟ್ಟುವಷ್ಟು ಚಳಿ, ಐದು ಡಿಗ್ರಿ ಇದ್ದಿರಬೇಕು, ಬಿಸಿಲು ಆಗಷ್ಟೇ ಬಿದ್ದಿತ್ತು. ಪ್ಲಗ್ ಹಾಕಿದೆ, ಎರರ್ ಬಂತು. ತೆಗೆದು ಹಾಕಿದೆ, ಮತ್ತೆ ಎರರ್. ಸ್ಟೇಷನ್ ಕೆಟ್ಟಿತು ಅಂದುಕೊಂಡು ಪ್ಯಾನೆಲ್ಲನ್ನು ಬಿಸಿಲಲ್ಲೇ ಬಿಟ್ಟು ಕಾಫಿ ಕಾಯಿಸಲು ಹೋದೆ. ಕಾಲು ಗಂಟೆ ಬಿಟ್ಟು ಸಿಕ್ಕಿಸಿದರೆ ಏನೂ ಆಗದವರ ಹಾಗೆ ಚಾರ್ಜ್ ಶುರುವಾಯಿತು. ಆಮೇಲೆ ಕೂತು ಲೆಕ್ಕ ಹಾಕಿದಾಗ ಅರ್ಥವಾಯಿತು. ಲೇಬಲ್‌ನ ಅಂಕಿ 25 ಡಿಗ್ರಿಯಲ್ಲಿ ಅಳೆದದ್ದು. ಸಿಲಿಕಾನ್ ಪ್ಯಾನೆಲ್ ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತದೆ, ಒಂದೊಂದು ಡಿಗ್ರಿಗೆ ಸುಮಾರು ನೂರಕ್ಕೆ 0.3ರಷ್ಟು. ಇಪ್ಪತ್ತು ಡಿಗ್ರಿ ತಣ್ಣಗಾದರೆ ನೂರಕ್ಕೆ 6. 27.6ಕ್ಕೆ ಅದನ್ನು ಸೇರಿಸಿ ನೋಡಿ, ಸುಮಾರು 29.3 ಆಗುತ್ತದೆ. ಮಿತಿ ದಾಟಿತು. ಬಿಸಿಲಿಗೆ ಪ್ಯಾನೆಲ್ ಕಾದ ಮೇಲೆ ತಾನಾಗಿ ಕೆಳಗಿಳಿಯಿತು. ಸ್ಟೇಷನ್‌ಗೆ ಒಳ್ಳೆಯ ರಕ್ಷಣೆ ಇದ್ದದ್ದರಿಂದ ಬಚಾವಾದೆ.

ಅವತ್ತಿನಿಂದ ನಾನು ಇಟ್ಟುಕೊಂಡಿರುವ ಲೆಕ್ಕ ಇದು: ಪ್ಯಾನೆಲ್‌ನ `Voc` ಸ್ಟೇಷನ್ ಮಿತಿಗಿಂತ ನೂರಕ್ಕೆ ಹತ್ತರಷ್ಟಾದರೂ ಕೆಳಗಿರಬೇಕು. ನಿಮ್ಮ 28ಕ್ಕೆ ಅದು ಹತ್ತಿರ ಹತ್ತಿರ 25. ನಿಮ್ಮ 22ರ ಪ್ಯಾನೆಲ್ ಆರಾಮಾಗಿ ಒಳಗಿದೆ.

ಈಗ ಪ್ಯಾರಲಲ್ ನೋಡೋಣ. ಇಲ್ಲಿ ವೋಲ್ಟೇಜ್ ಹಾಗೇ ಇರುತ್ತದೆ, ಕರೆಂಟ್ ಕೂಡುತ್ತದೆ. 100 ವ್ಯಾಟ್ ಪ್ಯಾನೆಲ್ ಒಂದು 18 ವೋಲ್ಟ್‌ನಲ್ಲಿ 5.6 ಆಂಪ್ ಕೊಡುತ್ತದೆ. ಎರಡು ಸೇರಿದರೆ 18 ವೋಲ್ಟ್, 11.2 ಆಂಪ್. ಸ್ಟೇಷನ್ 8 ಆಂಪ್‌ಗಿಂತ ಹೆಚ್ಚು ಎಳೆಯುವುದಿಲ್ಲ. 18 ಗುಣಿಸು 8, ಅಂದರೆ 144 ವ್ಯಾಟ್. ಗಮನಿಸಿ, ಪೆಟ್ಟಿಗೆ ಮೇಲೆ 150 ಅಂತ ಬರೆದಿದ್ದರೂ 18 ವೋಲ್ಟ್ ಪ್ಯಾನೆಲ್‌ನಿಂದ ಆ 150 ಸಾಮಾನ್ಯವಾಗಿ ಬರುವುದಿಲ್ಲ. ಕರೆಂಟ್‌ನ ಬಾಗಿಲು ಮೊದಲೇ ಮುಚ್ಚಿಕೊಳ್ಳುತ್ತದೆ. ಮೂರು ಅಂಕಿಗಳಲ್ಲಿ ಯಾವುದು ಮೊದಲು ತಾಗುತ್ತದೋ ಅದೇ ನಿಮ್ಮ ನಿಜವಾದ ಮಿತಿ. ಇದೇ ಸ್ಟೇಷನ್‌ಗೆ 20 ವೋಲ್ಟ್‌ನಲ್ಲಿ ಕೆಲಸ ಮಾಡುವ ಪ್ಯಾನೆಲ್ ಹಾಕಿದರೆ 160ರವರೆಗೆ ಕರೆಂಟ್ ಬಿಡುತ್ತದೆ, ಆಗ 150 ವ್ಯಾಟ್‌ನ ಬಾಗಿಲು ಮುಚ್ಚುತ್ತದೆ. ವ್ಯತ್ಯಾಸ ಆರು ವ್ಯಾಟ್, ತಲೆಕೆಡಿಸಿಕೊಳ್ಳುವಂಥದ್ದಲ್ಲ.

200 ವ್ಯಾಟ್ ಹಾಕಿ 144 ತಗೊಂಡರೆ ಉಳಿದದ್ದು ದಂಡ ಅಲ್ವಾ ಅಂತ ನಿಮಗೆ ಅನ್ನಿಸಬಹುದು. ಅದಕ್ಕೇ ನಿಮ್ಮ 70ರ ಕಥೆಗೆ ಬರಬೇಕು.

ಪ್ಯಾನೆಲ್ ಮೇಲಿನ 100 ಅನ್ನುವುದು ಪ್ರಯೋಗಶಾಲೆಯ ಅಂಕಿ. ಒಂದು ಚದರ ಮೀಟರ್‌ಗೆ 1000 ವ್ಯಾಟ್ ಬೆಳಕು, ಪ್ಯಾನೆಲ್‌ನ ಒಳಗಿನ ಸೆಲ್ 25 ಡಿಗ್ರಿಯಲ್ಲಿ, ಬೆಳಕು ನೇರವಾಗಿ ಬೀಳುವಂತೆ. ಇವು ಮೂರೂ ಒಟ್ಟಿಗೆ ಸಿಗುವುದು ಹೊರಗೆ ತುಂಬಾ ಅಪರೂಪ, ಯಾಕೆಂದರೆ ಅಷ್ಟು ಬಿಸಿಲು ಇದ್ದ ಕಡೆ ಸೆಲ್ 25 ಡಿಗ್ರಿಯಲ್ಲಿ ಉಳಿಯುವುದೇ ಇಲ್ಲ. ಕಪ್ಪು ಪ್ಯಾನೆಲ್ಲನ್ನು ಕಾದ ನೆಲದ ಮೇಲೆ ಹಾಸಿದರೆ ಸೆಲ್ 60 ಡಿಗ್ರಿ ಮುಟ್ಟುತ್ತದೆ, ಕೈ ಇಟ್ಟರೆ ತಟ್ಟನೆ ಹಿಂದೆ ಎಳೆದುಕೊಳ್ಳುತ್ತೀರಿ. 25ರ ಮೇಲೆ ಹೋದ ಪ್ರತಿ ಡಿಗ್ರಿಗೂ ಸುಮಾರು ನೂರಕ್ಕೆ 0.35ರಿಂದ 0.4ರಷ್ಟು ಪವರ್ ಇಳಿಯುತ್ತದೆ. 35 ಡಿಗ್ರಿ ಹೆಚ್ಚಾದರೆ 12ರಿಂದ 14 ವ್ಯಾಟ್ ಅಲ್ಲೇ ಹೋಯಿತು. ಆಕಾಶದಲ್ಲಿ ಸ್ವಲ್ಪ ಧೂಳು, ತೆಳು ಮೋಡ ಇದ್ದು 1000ದ ಬದಲು 850 ಬೆಳಕು ಬಂದರೆ 74ಕ್ಕೆ ಇಳಿಯಿತು. ತಂತಿಯಲ್ಲಿ, ಸ್ಟೇಷನ್‌ನ ಒಳಗೆ ಇನ್ನೊಂದು ನಾಲ್ಕು ವ್ಯಾಟ್. ನಿಮ್ಮ 70 ಬಂತು ನೋಡಿ. ಅದಕ್ಕೇ ನಾನು ಯಾರು ಕೇಳಿದರೂ ಪ್ಯಾನೆಲ್‌ನ ಅಂಕಿಯ ನೂರಕ್ಕೆ 70 ಅಂತಲೇ ಲೆಕ್ಕ ಹಿಡಿಯಲು ಹೇಳುವುದು. ಎರಡು ಪ್ಯಾನೆಲ್‌ಗೆ 140. ನಿಮ್ಮ ಸ್ಟೇಷನ್‌ನ ನಿಜವಾದ ಮಿತಿ 144. ದಂಡ ಆಗುವುದು ಏನೂ ಇಲ್ಲ, ಬೀಗಕ್ಕೆ ಬೀಗದ ಕೈ ಕೂತ ಹಾಗೆ ಕೂರುತ್ತದೆ.

70 ಬಂದರೆ ಚಿಂತೆ ಬೇಡ. 40 ಬಂದರೆ, 25 ಬಂದರೆ ಕಾರಣ ಹುಡುಕಬೇಕು. ನಾನು ಹುಡುಕುವ ರೀತಿ ಹೀಗೆ.

ಮೊದಲು ಸ್ಟೇಷನ್‌ನ ಚಾರ್ಜ್ ಎಷ್ಟಿದೆ ನೋಡಿ. ನೂರಕ್ಕೆ 90 ದಾಟಿದ್ದರೆ ಅದು ತಾನಾಗಿಯೇ ನಿಧಾನ ಮಾಡುತ್ತದೆ, ಪ್ಯಾನೆಲ್‌ನದು ತಪ್ಪಿಲ್ಲ. ಪರೀಕ್ಷೆ ಯಾವಾಗಲೂ 80ಕ್ಕಿಂತ ಕೆಳಗಿದ್ದಾಗ ಮಾಡಿ. ಸ್ಟೇಷನ್ ಮುಟ್ಟಿ ನೋಡಿ, ಬಿಸಿಯಾಗಿದೆಯಾ? ಲಿಥಿಯಂ ಬ್ಯಾಟರಿ 40–45 ಡಿಗ್ರಿ ಹತ್ತಿರ ಬಂದರೆ ಚಾರ್ಜ್ ಕಡಿಮೆ ಮಾಡುತ್ತದೆ ಅಥವಾ ನಿಲ್ಲಿಸಿಯೇಬಿಡುತ್ತದೆ. ಪ್ಯಾನೆಲ್ ಬಿಸಿಲಲ್ಲಿರಬೇಕು, ಸ್ಟೇಷನ್ ನೆರಳಲ್ಲಿರಬೇಕು. ಎರಡನ್ನೂ ಒಟ್ಟಿಗೆ ಬಿಸಿಲಿಗಿಟ್ಟು ಮಧ್ಯಾಹ್ನ ಚಾರ್ಜ್ ನಿಂತುಹೋಯಿತು ಅನ್ನುವವರು ಎಷ್ಟೋ ಜನ. ಮುಚ್ಚಿದ ಕಾರಿನ ಒಳಗೂ ಇಡಬೇಡಿ, ಅಲ್ಲಿ ಹೊರಗಿಗಿಂತ ಸೆಕೆ ಜಾಸ್ತಿ.

ಆಮೇಲೆ ಪ್ಯಾನೆಲ್ ಸೂರ್ಯನಿಗೆ ನೇರವಾಗಿದೆಯಾ ನೋಡಿ. ಇದಕ್ಕೆ ಯಾವ ಆ್ಯಪ್ಪೂ ಬೇಡ. ಒಂದು ಪೆನ್ಸಿಲ್ ತಗೊಂಡು ಪ್ಯಾನೆಲ್ ಮೇಲೆ ನೆಟ್ಟಗೆ, ಲಂಬವಾಗಿ ಹಿಡಿಯಿರಿ. ಅದರ ನೆರಳು ಯಾವ ಕಡೆಗೆ ಬೀಳುತ್ತದೆ ನೋಡಿಕೊಂಡು, ನೆರಳು ಗಿಡ್ಡವಾಗುತ್ತಾ ಬಂದು ಪೆನ್ಸಿಲ್‌ನ ಬುಡದಲ್ಲೇ ಮಾಯವಾಗುವವರೆಗೂ ಪ್ಯಾನೆಲ್ ವಾಲಿಸಿ. ಮಾಯವಾಯಿತು ಅಂದರೆ ನೇರ ಕೂತಿತು. ಮೂವತ್ತು ಡಿಗ್ರಿ ಓರೆಯಾಗಿದ್ದರೆ ನೂರಕ್ಕೆ 13 ಮಾತ್ರ ಹೋಗುತ್ತದೆ, ಅರವತ್ತು ಡಿಗ್ರಿ ಓರೆಯಾದರೆ ಅರ್ಧಕ್ಕರ್ಧ ಹೋಗುತ್ತದೆ. ಬೆಳಿಗ್ಗೆ ನೆಲದ ಮೇಲೆ ಚಪ್ಪಟೆ ಹಾಸಿದ ಪ್ಯಾನೆಲ್‌ಗೆ ಆಗುವುದು ಇದೇ. ದಿನಕ್ಕೆ ಮೂರು ಸಲ, ಬೆಳಿಗ್ಗೆ, ಮಧ್ಯಾಹ್ನ, ಮೂರೂವರೆಗೆ ತಿರುಗಿಸಿಟ್ಟರೆ ಸಾಕು. ಗಂಟೆಗೊಮ್ಮೆ ಎದ್ದು ಹೋಗಬೇಕಾಗಿಲ್ಲ. ವಾಲಿಸಿ ನಿಲ್ಲಿಸಿದಾಗ ಹಿಂದೆ ಗಾಳಿಯೂ ಆಡುತ್ತದೆ, ಪ್ಯಾನೆಲ್ ಸ್ವಲ್ಪ ತಣ್ಣಗಿರುತ್ತದೆ, ಹೀಗೆ ಎರಡು ಲಾಭ.

ಮೂರನೆಯದು ನೆರಳು, ಮತ್ತು ನನ್ನ ಅನುಭವದಲ್ಲಿ ಜಾಸ್ತಿ ಜನರನ್ನು ಸತಾಯಿಸುವುದು ಇದೇ. ಪ್ಯಾನೆಲ್‌ನ ಒಳಗೆ ಸೆಲ್‌ಗಳು ಸರಪಳಿಯ ಹಾಗೆ ಒಂದಕ್ಕೊಂದು ಜೋಡಿಸಿರುತ್ತವೆ. ಒಂದು ಸೆಲ್‌ಗೆ ನೆರಳು ಬಿದ್ದರೆ ಆ ಸರಪಳಿಯಲ್ಲಿ ಹರಿಯುವ ಕರೆಂಟೇ ಅಷ್ಟಕ್ಕೆ ಇಳಿಯುತ್ತದೆ. ಅದಕ್ಕೇ ನೆರಳು ಪ್ಯಾನೆಲ್‌ನ ಹತ್ತರಲ್ಲಿ ಒಂದು ಭಾಗ ಮುಚ್ಚಿದರೆ ಹತ್ತರಲ್ಲಿ ಒಂದು ಭಾಗವಷ್ಟೇ ಹೋಗುತ್ತದೆ ಅಂದುಕೊಳ್ಳಬಾರದು, ಅರ್ಧಕ್ಕಿಂತ ಹೆಚ್ಚು ಹೋಗಬಹುದು. ನಾಲ್ಕು ಮಡಿಕೆಯ ಪ್ಯಾನೆಲ್‌ನಲ್ಲಿ ಒಂದು ಮಡಿಕೆಯ ಮೂಲೆಗೆ ಅಂಗೈಯಗಲದ ಎಲೆ ನೆರಳು ಬಿದ್ದರೂ ಡಿಸ್‌ಪ್ಲೇ ಮೇಲೆ 70 ಇದ್ದದ್ದು 30ರ ಆಸುಪಾಸಿಗೆ ಬೀಳುವುದನ್ನು ನೋಡಬಹುದು. ಬೇಕಿದ್ದರೆ ಮನೆಯಲ್ಲೇ ಅಂಗೈಯನ್ನು ಒಂದು ಸೆಲ್ ಮೇಲೆ ಅಡ್ಡ ಹಿಡಿದು ಡಿಸ್‌ಪ್ಲೇ ನೋಡಿ, ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ. ಟೆಂಟ್‌ನ ಹಗ್ಗ, ಕಾರಿನ ಆಂಟೆನಾ, ಪ್ಯಾನೆಲ್ ಮೇಲೆ ಒಣಗಲು ಹಾಕಿದ ಟವೆಲ್‌ನ ತುದಿ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಬೆಳಿಗ್ಗೆ ಬಿಸಿಲಿದ್ದ ಜಾಗಕ್ಕೆ ಮಧ್ಯಾಹ್ನ ಎರಡಕ್ಕೆ ಮರದ ನೆರಳು ಬರುತ್ತದಾ ಅಂತ ಇಡುವಾಗಲೇ ಯೋಚಿಸಿ.

ಈಗ ನಿಮ್ಮ ಮೂರು ದಿನದ ಲೆಕ್ಕ. ಚಿಕ್ಕ ಕಂಪ್ರೆಸರ್ ಫ್ರಿಜ್ ಓಡುವಾಗ ಸುಮಾರು 45 ವ್ಯಾಟ್ ತಿನ್ನುತ್ತದೆ, ಆದರೆ ಸದಾ ಓಡುವುದಿಲ್ಲ. ದಿನದ ಮೂರನೇ ಒಂದು ಭಾಗ ಓಡಿತು ಅಂತ ಹಿಡಿದರೆ 360 ವ್ಯಾಟ್-ಅವರ್. ಹಗಲು ಸೆಕೆ ಇರುವುದರಿಂದ ಹಗಲಿಗೆ 220, ರಾತ್ರಿಗೆ 140 ಅಂತ ಇಟ್ಟುಕೊಳ್ಳೋಣ. ಫೋನ್ ಮತ್ತು ಕ್ಯಾಮೆರಾಗೆ 55, ಇವನ್ನು ಹಗಲಲ್ಲೇ ಚಾರ್ಜ್ ಮಾಡಿಕೊಳ್ಳಿ. ಲೈಟ್‌ಗೆ ರಾತ್ರಿ 25. ಅಂದರೆ ಹಗಲು 275, ರಾತ್ರಿ 165. ನಿಮ್ಮ 512ರಲ್ಲಿ ಒಳಗಿನ ನಷ್ಟ ಕಳೆದು ಕೈಗೆ ಸಿಗುವುದು 450 ಅಂತ ಹಿಡಿಯುತ್ತೇನೆ.

ಈಗಿರುವ ಒಂದೇ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ ಸುಮಾರು 300 ಕೊಡುತ್ತದೆ. 70 ವ್ಯಾಟ್ ಇಡೀ ದಿನ ಬರುವುದಿಲ್ಲ, ಬೆಳಿಗ್ಗೆ ಸಂಜೆ ಕಡಿಮೆ, ಎಲ್ಲ ಸೇರಿ ನಾಲ್ಕು ನಾಲ್ಕೂವರೆ ಗಂಟೆಯ ಪೂರ್ತಿ ಬಿಸಿಲಿಗೆ ಸಮ. ಮನೆಯಿಂದ ಪೂರ್ತಿ ತುಂಬಿಸಿಕೊಂಡು ಹೋದಿರಿ ಅನ್ನಿ. ಮೊದಲ ದಿನ ಬಿಸಿಲು ಖರ್ಚನ್ನು ಸರಿದೂಗಿಸುತ್ತದೆ, ಸಂಜೆಗೆ 450 ಹಾಗೇ ಇದೆ. ರಾತ್ರಿ 165 ಹೋಗಿ ಬೆಳಿಗ್ಗೆ 285. ಎರಡನೇ ದಿನವೂ ಬಿಸಿಲಾದರೆ ಸಂಜೆಗೆ 310, ಮಾರನೇ ಬೆಳಿಗ್ಗೆ 145. ಮೂರನೇ ದಿನವೂ ಹಾಗೇ ಕಳೆದು ಮನೆಗೆ ಬರಬಹುದು. ಅಂದರೆ ಮೂರೂ ದಿನ ಬಿಸಿಲಿದ್ದರೆ ಏನನ್ನೂ ಕೊಳ್ಳಬೇಕಾಗಿಲ್ಲ, ಇದನ್ನು ನಾನು ಬಾಯಿಬಿಟ್ಟು ಹೇಳಲೇಬೇಕು.

ತೊಂದರೆ ಇರುವುದು ಎರಡನೇ ದಿನ ಮೋಡ ಕವಿದರೆ. ಆಗ ಒಂದು ಪ್ಯಾನೆಲ್‌ನಿಂದ 100 ಬಂದರೆ ಹೆಚ್ಚು. 285ಕ್ಕೆ 100 ಸೇರಿಸಿ 275 ಕಳೆಯಿರಿ, ಸಂಜೆಗೆ 110. ರಾತ್ರಿಗೆ 165 ಬೇಕು. ಬೆಳಗಾಗುವ ಮೊದಲೇ ಫ್ರಿಜ್ ನಿಂತಿರುತ್ತದೆ. ಎರಡು ಪ್ಯಾನೆಲ್ ಇದ್ದರೆ ಅದೇ ಮೋಡದ ದಿನ 200 ಬರುತ್ತದೆ, ಸಂಜೆಗೆ 210, ಬೆಳಿಗ್ಗೆ 45 ಉಳಿದಿರುತ್ತದೆ. ತೀರಾ ಅಂಚಿನಲ್ಲಿ, ಆದರೆ ಉಳಿದಿರುತ್ತದೆ. ಮೂರನೇ ದಿನ ಬಿಸಿಲು ಬಂದರೆ 600 ಸಿಗುತ್ತದೆ, ಸಂಜೆಗೆ 370ಕ್ಕೆ ಏರುತ್ತದೆ. ಎರಡನೇ ಪ್ಯಾನೆಲ್‌ಗೆ ನೀವು ದುಡ್ಡು ಕೊಡುವುದು ಈ ಒಂದು ಮೋಡದ ದಿನಕ್ಕಾಗಿ. ಎಲ್ಲಿಗೆ, ಯಾವ ಕಾಲದಲ್ಲಿ ಹೋಗುತ್ತೀರಿ ಅಂತ ನೋಡಿಕೊಂಡು ನೀವೇ ನಿರ್ಧರಿಸಿ.

ಈ ಲೆಕ್ಕದಲ್ಲಿ ಫ್ರಿಜ್ ಅನ್ನು 12 ವೋಲ್ಟ್ ಸಾಕೆಟ್‌ಗೆ ಹಾಕಿದ್ದೀರಿ ಅಂತ ಹಿಡಿದಿದ್ದೇನೆ. ಮನೆಯ ಪ್ಲಗ್‌ನಂಥ ಎಸಿ ಸಾಕೆಟ್‌ಗೆ ಹಾಕಿದರೆ ಇನ್ವರ್ಟರ್ ಇಡೀ ದಿನ ಆನ್ ಇರಬೇಕು. ಅದು ಏನೂ ಕೆಲಸ ಮಾಡದೆ ಇದ್ದರೂ 10 ವ್ಯಾಟ್‌ನಷ್ಟು ತಿನ್ನುತ್ತಾ ಕೂರುತ್ತದೆ. 24 ಗಂಟೆಗೆ 240. ಒಂದು ಪ್ಯಾನೆಲ್‌ನ ದುಡಿಮೆಯಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಸುಮ್ನೆ ಹೋಯಿತು. ಹೊಸ ಪ್ಯಾನೆಲ್ ಕೊಳ್ಳುವ ಮೊದಲು ಇದನ್ನೊಂದು ನೋಡಿಕೊಳ್ಳಿ.

ಮೋಡದ ಬಗ್ಗೆ ಇನ್ನೊಂದು ಮಾತು. ಮೋಡ ಬಂದಾಗ ವೋಲ್ಟೇಜ್ ಇಳಿಯುತ್ತದೆ, ಆದ್ದರಿಂದ ಸೀರೀಸ್ ಬೇಕು ಅಂತ ಕೆಲವರು ವಾದಿಸುತ್ತಾರೆ. ವೋಲ್ಟೇಜ್ ಅಷ್ಟಾಗಿ ಇಳಿಯುವುದಿಲ್ಲ, ಇಳಿಯುವುದು ಕರೆಂಟ್. ಮೋಡದಲ್ಲೂ ನಿಮ್ಮ ಪ್ಯಾನೆಲ್ 16–17 ವೋಲ್ಟ್‌ನಲ್ಲೇ ಇರುತ್ತದೆ, ಸ್ಟೇಷನ್‌ಗೆ ಬೇಕಾದ್ದು 12. ಹಾಗಾಗಿ ಮೋಡದ ದಿನಕ್ಕೂ ಪ್ಯಾರಲಲ್ಲೇ ಸರಿ. ಮೂರನೇ ಪ್ಯಾನೆಲ್ ಹಾಕಿದರೆ? ಪೂರ್ತಿ ಬಿಸಿಲಲ್ಲಿ ಹೆಚ್ಚೇನೂ ಸಿಗುವುದಿಲ್ಲ, 8 ಆಂಪ್ ಬಾಗಿಲು ಆಗಲೇ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಮೋಡದಲ್ಲಿ, ಬೆಳಿಗ್ಗೆ ಸಂಜೆಯ ಕಡಿಮೆ ಬಿಸಿಲಲ್ಲಿ ಮಾತ್ರ ಉಪಯೋಗ. ಮಡಚುವ 100 ವ್ಯಾಟ್ ಪ್ಯಾನೆಲ್ ಒಂದೊಂದೂ ನಾಲ್ಕೈದು ಕಿಲೋ ಇರುತ್ತದೆ, ಅಷ್ಟು ಹೊರುವ ಅಗತ್ಯ ನಿಮಗಿಲ್ಲ ಅಂತ ನನ್ನ ಅಭಿಪ್ರಾಯ. ತಗೊಂಡರೂ ಮೂರು ಪ್ಯಾರಲಲ್ ಆದಾಗ ಪ್ರತಿ ಪ್ಯಾನೆಲ್‌ಗೂ ಒಂದು ಫ್ಯೂಸ್ ಬೇಕು, ಎರಡಕ್ಕೆ ಬೇಡ.

200 ವ್ಯಾಟ್‌ದು ಒಂದೇ ತಗೊಳ್ಳಲಾ ಅಂತ ಕೇಳಿದ್ದಿರಿ. ತಗೊಳ್ಳಬಹುದು, ಆದರೆ 200 ವ್ಯಾಟ್ ಪ್ಯಾನೆಲ್‌ಗಳು ಎರಡು ಥರ ಬರುತ್ತವೆ. ಕೆಲವದರ `Voc` 24ರ ಹತ್ತಿರ, ಕೆಲವದ್ದು 48ರ ಹತ್ತಿರ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಎರಡರಲ್ಲೂ 200W ಅಂತಲೇ ಇರುತ್ತದೆ. ಎರಡನೇ ಥರದ್ದು ನಿಮ್ಮ ಸ್ಟೇಷನ್‌ಗೆ ಸೀರೀಸ್‌ನಷ್ಟೇ ಅಪಾಯ. ಅಂಕಿ ಕೇಳದೆ ದುಡ್ಡು ಕೊಡಬೇಡಿ. ನನಗಾದರೆ ಎರಡು 100ರದ್ದೇ ಇಷ್ಟ. ಒಂದಕ್ಕೆ ನೆರಳು ಬಿದ್ದರೆ ಇನ್ನೊಂದು ತನ್ನ ಪಾಡಿಗೆ ದುಡಿಯುತ್ತಿರುತ್ತದೆ, ಚಿಕ್ಕ ಪ್ರವಾಸಕ್ಕೆ ಒಂದನ್ನೇ ಒಯ್ಯಬಹುದು, ಮತ್ತು ಒಂದು ನಿಮ್ಮ ಹತ್ತಿರ ಆಗಲೇ ಇದೆ. ಅದೇ ಕಂಪನಿಯದ್ದೇ ಸಿಗಬೇಕು ಅಂತಿಲ್ಲ, ಆದರೆ ಎರಡರ `Vmp` ಒಂದು ವೋಲ್ಟ್ ಒಳಗೆ ಹೊಂದಬೇಕು. 18ರ ಜೊತೆ 18.5 ನಡೆಯುತ್ತದೆ, 18ರ ಜೊತೆ 36 ನಡೆಯುವುದಿಲ್ಲ.

ಜೋಡಿಸುವುದಕ್ಕೆ ವೈ ಆಕಾರದ ಕನೆಕ್ಟರ್ ಜೋಡಿ ಬೇಕು. ಎರಡು ಪ್ಯಾನೆಲ್‌ನ ಪ್ಲಸ್ ಒಂದಕ್ಕೆ, ಎರಡರ ಮೈನಸ್ ಇನ್ನೊಂದಕ್ಕೆ. ಅಲ್ಲಿಂದ ಸ್ಟೇಷನ್‌ಗೆ ಹೋಗುವ ತಂತಿಯಲ್ಲಿ 8 ಆಂಪ್ ಹರಿಯುತ್ತದೆ, ಆದ್ದರಿಂದ ಅದು ದಪ್ಪ ಇರಲಿ. ಐದು ಮೀಟರ್ ದೂರಕ್ಕೆ 0.75 ಚದರ ಮಿಲಿಮೀಟರ್‌ನ ತೆಳು ತಂತಿ ಹಾಕಿದರೆ ತಂತಿಯಲ್ಲೇ ಸುಮಾರು 15 ವ್ಯಾಟ್ ಬಿಸಿಯಾಗಿ ಹೋಗುತ್ತದೆ. 2.5ರದ್ದು ಹಾಕಿದರೆ 5 ವ್ಯಾಟ್. ಬಿಸಿಲಲ್ಲಿ ಅರ್ಧ ಗಂಟೆ ಓಡಿದ ಮೇಲೆ ಪ್ಲಗ್‌ಗಳನ್ನು ಬೆರಳಲ್ಲಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಸುಡುತ್ತಿದ್ದರೆ ಸರಿಯಾಗಿ ಕೂತಿಲ್ಲ ಅಥವಾ ತಂತಿ ಸಾಲದು.

ಕೊನೆಯ ಕೆಲಸ ಮಲ್ಟಿಮೀಟರ್‌ದು, ಇದನ್ನು ಮನೆಯಲ್ಲೇ, ಹೊರಡುವ ವಾರ ಮೊದಲೇ ಮಾಡಿ. ಬೇರೆ ಬೇರೆ ಕಡೆಯಿಂದ ತಂದ ಅಡಾಪ್ಟರ್‌ಗಳಲ್ಲಿ ಪ್ಲಸ್ ಮೈನಸ್ ಅದಲುಬದಲಾಗಿರುವುದನ್ನು ನಾನೇ ಎರಡು ಸಲ ಕಂಡಿದ್ದೇನೆ. ತಂತಿಯ ಬಣ್ಣ ಕೆಂಪು ಇದ್ದರೂ ಒಳಗೆ ಬೇರೆಯೇ ಇತ್ತು. ಪ್ಯಾನೆಲ್‌ಗಳನ್ನು ಜೋಡಿಸಿ ಬಿಸಿಲಿಗಿಡಿ, ಸ್ಟೇಷನ್‌ಗೆ ಹಾಕುವ ಪ್ಲಗ್ ಮಾತ್ರ ಕೈಯಲ್ಲಿರಲಿ. ಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ, ಸ್ಟೇಷನ್‌ನ ಕೈಪಿಡಿಯಲ್ಲಿ ಪ್ಲಸ್ ಅಂತ ತೋರಿಸಿದ ಜಾಗಕ್ಕೆ ಕೆಂಪು ಕಡ್ಡಿ ಇಡಿ, ಉದ್ದ ದುಂಡು ಪ್ಲಗ್ ಆದರೆ ಅದು ಸಾಮಾನ್ಯವಾಗಿ ನಡುವಿನದು. ಕಪ್ಪು ಕಡ್ಡಿ ಇನ್ನೊಂದಕ್ಕೆ. ಅಂಕಿ 20ರಿಂದ 22ರ ಒಳಗಿದ್ದು ಮುಂದೆ ಮೈನಸ್ ಗುರುತು ಇಲ್ಲದಿದ್ದರೆ ಸಿಕ್ಕಿಸಿ. ಮೈನಸ್ ಗುರುತು ಬಂದರೆ ಅಡಾಪ್ಟರ್ ತಿರುಗು ಮುರುಗು, ಸ್ಟೇಷನ್ ಹತ್ತಿರ ಒಯ್ಯಬೇಡಿ. 40 ದಾಟಿದ ಅಂಕಿ ಬಂದರೆ ಎಲ್ಲೋ ಸೀರೀಸ್ ಆಗಿದೆ, ಬಿಚ್ಚಿ ಮತ್ತೆ ಜೋಡಿಸಿ. ಸರಿಯಾಗಿದ್ದು ಸಿಕ್ಕಿಸಿದ ಮೇಲೆ ಡಿಸ್‌ಪ್ಲೇ 130ರಿಂದ 140 ತೋರಿಸಬೇಕು. ಆಗ ಒಂದು ಪ್ಯಾನೆಲ್‌ನ ಪ್ಲಗ್ ಬಿಚ್ಚಿ ನೋಡಿ, ಅಂಕಿ ಅರ್ಧಕ್ಕೆ ಇಳಿಯಬೇಕು. ಮೊದಲೇ ಬರೀ 70 ತೋರಿಸುತ್ತಿದ್ದು, ಬಿಚ್ಚಿದ ಮೇಲೂ ಇಳಿಯದೆ ಅಲ್ಲೇ ನಿಂತಿದ್ದರೆ ಆ ಪ್ಯಾನೆಲ್ ಮೊದಲಿಂದಲೂ ಸೇರಿಯೇ ಇರಲಿಲ್ಲ ಅಂತ ಅರ್ಥ. ವೈ ಕನೆಕ್ಟರ್ ಟಕ್ ಅಂತ ಸದ್ದು ಬರುವವರೆಗೆ ಒತ್ತಿ ನೋಡಿ, ಹೆಚ್ಚಾಗಿ ಅಲ್ಲೇ ಸಡಿಲ ಇರುತ್ತದೆ.